ನಿಮ್ಮ ಪಿಎಚ್‌.ಡಿಯನ್ನು ಮೂರು ನಿಮಿಷದಲ್ಲಿ ಹೇಳುವುದು ಹೇಗೆ?

ಸಂಶೋಧನೆಯನ್ನು ಮೂರೇ ನಿಮಿಷದಲ್ಲಿ ಹೇಳುವ ಸ್ಪರ್ಧೆಯನ್ನು 2008ರಲ್ಲಿ ಶುರು ಮಾಡಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ. ಇರುವುದು ಒಂದೇ ಸ್ಲೈಡ್, ಅದರಲ್ಲಿ ಏನೂ ಅಲುಗಾಡುವಂತಿಲ್ಲ. ಆಡಿಯೊ, ವಿಡಿಯೊ, ಕೈಯಲ್ಲಿ ಹಿಡಿದು ತೋರಿಸುವ ವಸ್ತು ಯಾವುದೂ ಇಲ್ಲ. ಸಮಯ ಮೀರಿದರೆ ಸ್ಪರ್ಧೆಯಿಂದಲೇ ಹೊರಗೆ.

ಮೊದಲ ಕೆಲಸ, ಒಂದೇ ಪ್ರಶ್ನೆಯನ್ನು ಆರಿಸಿಕೊಳ್ಳುವುದು. ನಿಮ್ಮ ವಿಷಯ ಅಡಿಕೆಯ ಕೊಳೆರೋಗ ಅಂತಿಟ್ಟುಕೊಳ್ಳಿ. ಪ್ರಬಂಧದಲ್ಲಿ ರೋಗಾಣುವಿನ ತಳಿಗಳಿವೆ, ಮಳೆಯ ಲೆಕ್ಕವಿದೆ, ಸಿಂಪಡಣೆಯ ಪ್ರಯೋಗವೂ ಇದೆ. ಎಲ್ಲವನ್ನೂ ಹೇಳಹೊರಟರೆ ಕೇಳುವವರಿಗೆ ಯಾವುದೂ ಉಳಿಯುವುದಿಲ್ಲ. 'ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯಲು ಸರಿಯಾದ ದಿನ ಯಾವುದು?' ಇದೊಂದೇ ಸಾಕು. ಇದಕ್ಕೆ ನೇರ ಉತ್ತರ ಕೊಡದ ಅಧ್ಯಾಯವನ್ನು, ಅದಕ್ಕೆ ಎಷ್ಟೇ ಕಷ್ಟಪಟ್ಟಿದ್ದರೂ, ಬಿಟ್ಟುಬಿಡಿ.

ಈಗ ಮಾತು ಬರೆಯಿರಿ. 'ಫೈಟಾಫ್ತೊರಾದ ಜೂಸ್ಪೋರ್‌ಗಳಿಗೆ ನೀರಿನ ಪದರ ಅಗತ್ಯ' ಅಂದರೆ ಅರ್ಥಶಾಸ್ತ್ರದ ವಿದ್ಯಾರ್ಥಿ ಅಲ್ಲೇ ಕೈಬಿಡುತ್ತಾನೆ. ಇದನ್ನೇ ಹೀಗೆ ಹೇಳಬಹುದು: 'ಒದ್ದೆಯಾದ ಅಡಿಕೆಕಾಯಿಯ ಮೇಲೆ ತೆಳ್ಳಗೆ ನೀರು ನಿಂತಿರುತ್ತದೆ. ಕಣ್ಣಿಗೆ ಕಾಣದ ಈ ರೋಗಾಣು ಗೊದಮೊಟ್ಟೆಯ ಹಾಗೆ ಆ ನೀರಿನಲ್ಲಿ ಈಜುತ್ತದೆ. ನೀರು ಆರಿದರೆ ಈಜು ನಿಂತಿತು.' ಹೆಸರು ಹೋಯಿತು, ಆದರೆ ರೋಗ ಹರಡುವ ಬಗೆ ಉಳಿಯಿತು. ಮಳೆಗೂ ರೋಗಕ್ಕೂ ಏನು ನಂಟು ಎಂದು ಇನ್ನು ಬೇರೆ ವಿವರಿಸಬೇಕಿಲ್ಲ. ಹೋಲಿಕೆ ಈಜುವುದಕ್ಕಷ್ಟೇ ಸೀಮಿತವಾಗಿರಲಿ. ಅದನ್ನೇ ಎಳೆದಾಡಿದರೆ ಕೇಳುವವರು ರೋಗಾಣುವನ್ನು ಪ್ರಾಣಿ ಅಂದುಕೊಳ್ಳುತ್ತಾರೆ.

ಸ್ಲೈಡಿಗೆ ಗ್ರಾಫ್ ಬೇಡ. ಬಿಳಿ ಬೂಷ್ಟು ಹಿಡಿದು ಉದುರಿಬಿದ್ದ ಕಾಯಿಗಳ ಒಂದು ದೊಡ್ಡ ಫೋಟೊ ಹಾಕಿ. ಸ್ಲೈಡಿನಲ್ಲಿ ಓದಲು ಜಾಸ್ತಿ ಇದ್ದರೆ ಜನ ಓದುತ್ತಾರೆ, ನಿಮ್ಮನ್ನು ಕೇಳುವುದಿಲ್ಲ.

ಸಮಯ ಹಂಚುವಾಗ ತೊಂದರೆ ಏನು ಅನ್ನುವುದಕ್ಕೆ ಅರ್ಧ ನಿಮಿಷ ಸಾಕು. ನೀವು ಮಾಡಿದ್ದು, ಕಂಡುಕೊಂಡದ್ದು ಎರಡಕ್ಕೂ ಸೇರಿ ಎರಡು ನಿಮಿಷ ಇಡಿ. ಅನೇಕರು ಹಿನ್ನೆಲೆಯಲ್ಲೇ ಎರಡು ನಿಮಿಷ ಕಳೆದು ಫಲಿತಾಂಶವನ್ನು ಓಡಿಸಿಬಿಡುತ್ತಾರೆ. ಅಲ್ಲಿಗೆ ತೀರ್ಪುಗಾರರಿಗೆ ಸಿಗುವುದು ಕೊಳೆರೋಗದ ಪರಿಚಯ ಮಾತ್ರ, ನಿಮ್ಮ ಸಂಶೋಧನೆ ಅಲ್ಲ.

ಬರೆದದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೋಡಿ. 2 ನಿಮಿಷ 45 ಸೆಕೆಂಡಿಗೆ ಮುಗಿಯಬೇಕು. ಜಾಸ್ತಿಯಾದರೆ ವೇಗ ಹೆಚ್ಚಿಸಬೇಡಿ, ವಾಕ್ಯ ತೆಗೆಯಿರಿ.

ಕೊನೆಯ ಪರೀಕ್ಷೆ ಬೇರೆ ವಿಭಾಗದ ಗೆಳೆಯರದ್ದು. ಹೇಳಿ ಮುಗಿಸಿ, 'ಅರ್ಥ ಆಯ್ತಾ' ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ ಅಲ್ವಾ? 'ನಾನು ಏನು ಕಂಡುಹಿಡಿದೆ, ನೀನೇ ಹೇಳು' ಅನ್ನಿ. 'ಅಡಿಕೆಗೆ ಏನೋ ರೋಗ ಬರುತ್ತಂತೆ' ಎಂದರೆ ಹಿನ್ನೆಲೆ ಜಾಸ್ತಿಯಾಗಿದೆ. ನಿಮ್ಮ ಪಾರಿಭಾಷಿಕ ಪದವನ್ನೇ ತಡವರಿಸುತ್ತಾ ಒಪ್ಪಿಸಿದರೆ ಆ ಪದ ಇನ್ನೂ ಬಿಡಿಸಿಲ್ಲ ಎಂದರ್ಥ. 'ಕಾಯಿ ಎಷ್ಟು ಹೊತ್ತು ಒದ್ದೆ ಇರುತ್ತದೆ ಅಂತ ನೋಡಿ ಔಷಧಿ ಹೊಡೆಯೋ ದಿನ ಹೇಳ್ತೀಯ' ಎಂದರೆ ಮಾತು ಸಿದ್ಧ.