ಸಂಬಳ ತಡವಾಗಿದೆಯೇ? ‘ಶೀಘ್ರದಲ್ಲೇ’ ಎಂದು ಉತ್ತರಿಸಲಾಗದಂತೆ ಇಮೇಲ್ ಬರೆಯಿರಿ

ಸಂಬಳದ ದಿನ ಕಳೆದರೂ ಖಾತೆಗೆ ಹಣ ಬರದಿದ್ದಾಗ ಹೆಚ್ಚಿನವರು ಬರೆಯುವುದು ಒಂದೇ ಸಾಲು: ‘ಈ ತಿಂಗಳ ಸಂಬಳ ಇನ್ನೂ ಬಂದಿಲ್ಲ, ದಯವಿಟ್ಟು ಗಮನಿಸಿ.’ ಬರುವ ಉತ್ತರವೂ ಒಂದೇ ಸಾಲು: ‘ಪ್ರಕ್ರಿಯೆಯಲ್ಲಿದೆ, ಶೀಘ್ರದಲ್ಲೇ ಜಮಾ ಆಗುತ್ತದೆ.’ ಸಂಬಳ ಬಟವಾಡೆಯ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ ನಾನು ಆ ಎರಡನೆಯ ಸಾಲನ್ನು ಎಷ್ಟೋ ಜನರಿಗೆ ಬರೆದಿದ್ದೇನೆ. ಅದರಲ್ಲಿ ಮೋಸವೇನೂ ಇರಲಿಲ್ಲ. ನೂರಾರು ಹೆಸರುಗಳ ಪಟ್ಟಿ ಬ್ಯಾಂಕಿಗೆ ಹೋಗಿರುತ್ತದೆ, ನಮ್ಮ ಕಂಪ್ಯೂಟರಿನಲ್ಲಿ ಎಲ್ಲರ ಮುಂದೆಯೂ ‘ಕಳುಹಿಸಲಾಗಿದೆ’ ಎಂದೇ ಕಾಣುತ್ತಿರುತ್ತದೆ. ಕೇಳಿದವರು ಏನನ್ನು ಹುಡುಕಬೇಕೆಂದು ಹೇಳದಿದ್ದರೆ ನಾವು ಹುಡುಕುತ್ತಿರಲಿಲ್ಲ. ಆದ್ದರಿಂದ ಇಮೇಲ್‌ನಲ್ಲಿ ಎರಡು ಅಂಶ ಇರಲೇಬೇಕು: ಹಣ ಎಲ್ಲಿ ನಿಂತಿದೆ ಎಂಬ ಪ್ರಶ್ನೆ ಮತ್ತು ಯಾವ ದಿನ ಖಾತೆಯಲ್ಲಿರುತ್ತದೆ ಎಂಬ ಪ್ರಶ್ನೆ.

ಹಣ ಎಲ್ಲಿ ನಿಲ್ಲುತ್ತದೆ

ಒಬ್ಬರ ಸಂಬಳ ತಡೆದು ನಿಲ್ಲುವ ಜಾಗಗಳು ಮುಖ್ಯವಾಗಿ ಮೂರು. ಮೊದಲನೆಯದು ಲೆಕ್ಕ ಹಾಕುವ ಹಂತ. ಹಾಜರಾತಿ ಬಂದಿಲ್ಲ, ರಜೆಗೆ ಒಪ್ಪಿಗೆಯಾಗಿಲ್ಲ, ಹೊಸಬರ ದಾಖಲೆ ಪೂರ್ಣವಾಗಿಲ್ಲ ಎಂಬಂಥ ಕಾರಣಕ್ಕೆ ಆ ಹೆಸರನ್ನು ತಿಂಗಳ ಪಟ್ಟಿಯಿಂದ ತಡೆಹಿಡಿದಿರುತ್ತಾರೆ. ಎರಡನೆಯದು ಸಂಸ್ಥೆಯಿಂದ ಬ್ಯಾಂಕಿಗೆ ಹೋಗುವ ದಾರಿ. ಪಟ್ಟಿ ಸಿದ್ಧವಿದ್ದರೂ ಸಹಿ ಹಾಕಬೇಕಾದವರು ಒಪ್ಪಿಗೆ ಕೊಟ್ಟಿರುವುದಿಲ್ಲ, ಇಲ್ಲವೇ ಸಂಸ್ಥೆಯ ಖಾತೆಯಲ್ಲಿ ಅಷ್ಟು ಹಣವೇ ಇರುವುದಿಲ್ಲ. ಮೂರನೆಯದು ಬ್ಯಾಂಕಿನಿಂದ ನಿಮ್ಮ ಖಾತೆಯವರೆಗಿನ ಕೊನೆಯ ತುಂಡು. ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದರೆ ಅಥವಾ ಖಾತೆಯನ್ನು ಮುಚ್ಚಿದ್ದರೆ ಹಣ ಹೋದ ದಾರಿಯಲ್ಲೇ ಸಂಸ್ಥೆಗೆ ವಾಪಸಾಗಬಹುದು.

ಈ ಮೂರನೆಯ ತೊಂದರೆ ಕಣ್ಣಿಗೆ ಬೀಳುವುದು ಬಹಳ ಕಷ್ಟ. ಸಂಬಳದ ಒಟ್ಟು ಮೊತ್ತ ಸಂಸ್ಥೆಯ ಖಾತೆಯಿಂದ ಹೋಗಿರುತ್ತದೆ, ಒಬ್ಬರ ಹಣ ಒಂದೆರಡು ದಿನ ಬಿಟ್ಟು ಸದ್ದಿಲ್ಲದೆ ಹಿಂದಿರುಗಿರುತ್ತದೆ. ಯಾರಾದರೂ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದು ಸಾಲು ಸಾಲಾಗಿ ನೋಡುವವರೆಗೆ ಅದು ಅಲ್ಲಿಯೇ ಕುಳಿತಿರುತ್ತದೆ.

ಬರೆಯುವ ಮೊದಲು ಅರ್ಧ ಗಂಟೆ

ಮೊಬೈಲಿಗೆ ಸಂದೇಶ ಬರಲಿಲ್ಲವೆಂದು ಹಣ ಬಂದಿಲ್ಲವೆಂದು ತೀರ್ಮಾನಿಸಬೇಡಿ. ಖಾತೆಯ ಸ್ಟೇಟ್‌ಮೆಂಟ್ ತೆಗೆದು ನೋಡಿ. ನೇಮಕಾತಿ ಪತ್ರದಲ್ಲಿ ಅಥವಾ ಸಂಸ್ಥೆಯ ನಿಯಮಗಳಲ್ಲಿ ಸಂಬಳದ ದಿನ ಯಾವುದೆಂದು ಬರೆದಿದೆ ಎಂಬುದನ್ನು ಹುಡುಕಿ, ಆ ವಾಕ್ಯವನ್ನು ಹಾಗೆಯೇ ಎತ್ತಿ ಇಟ್ಟುಕೊಳ್ಳಿ. ಎಲ್ಲಿಯೂ ಬರೆದಿಲ್ಲವಾದರೆ ಹಿಂದಿನ ಆರು ತಿಂಗಳಲ್ಲಿ ಹಣ ಜಮಾ ಆದ ದಿನಾಂಕಗಳೇ ನಿಮ್ಮ ಆಧಾರ.

ಪೇಸ್ಲಿಪ್ ಬಂದಿದೆಯೇ ಎಂದೂ ನೋಡಿ. ಬಂದಿದ್ದರೆ ಲೆಕ್ಕ ಮುಗಿದಿದೆ ಎಂದು ಹೆಚ್ಚುಕಡಿಮೆ ಖಚಿತ, ತೊಂದರೆ ಮುಂದಿನ ಹಂತದಲ್ಲಿದೆ. ಪೇಸ್ಲಿಪ್ ಬಂದ ಮಾತ್ರಕ್ಕೆ ಹಣ ಹೊರಟಿದೆ ಎಂದಲ್ಲ. ಎರಡೂ ಬೇರೆ ಬೇರೆ ಕೆಲಸಗಳು. ನಂತರ ನಂಬಿಕೆಯ ಒಬ್ಬಿಬ್ಬರು ಸಹೋದ್ಯೋಗಿಗಳನ್ನು ಕೇಳಿ. ಅವರಿಗೆ ಬಂದು ನಿಮಗೊಬ್ಬರಿಗೇ ಬಂದಿಲ್ಲವಾದರೆ ಒಂದು ಬಗೆಯ ಪತ್ರ, ಯಾರಿಗೂ ಬಂದಿಲ್ಲವಾದರೆ ಬೇರೆಯದೇ ಪತ್ರ. ಕೊನೆಯದಾಗಿ, ಇತ್ತೀಚೆಗೆ ನಿಮ್ಮ ಕಡೆಯಿಂದ ಏನಾದರೂ ಬದಲಾಗಿದೆಯೇ ಎಂದು ನೆನಪಿಸಿಕೊಳ್ಳಿ: ಹೊಸ ಖಾತೆ, ದೀರ್ಘ ರಜೆ, ಬೇರೆ ವಿಭಾಗಕ್ಕೆ ವರ್ಗ.

ಒಂದು ಪ್ರಕರಣ

ಒಮ್ಮೆ ನನ್ನ ಮುಂದೆ ಬಂದ ಸಂಗತಿಯನ್ನು ದಿನಾಂಕ ಬದಲಿಸಿ ಹೇಳುತ್ತೇನೆ. ಉದ್ಯೋಗಿಯೊಬ್ಬರು ಜುಲೈ 24ರಂದು ತಮ್ಮ ಬ್ಯಾಂಕ್ ಖಾತೆ ಬದಲಿಸಿ, ಹೊಸ ಸಂಖ್ಯೆಯನ್ನು ಕಚೇರಿಯ ಪೋರ್ಟಲ್‌ನಲ್ಲಿ ತುಂಬಿದ್ದರು. ಹಳೆಯ ಖಾತೆಯನ್ನು ಅದೇ ವಾರ ಮುಚ್ಚಿದರು. ಜುಲೈ 31ಕ್ಕೆ ಪೇಸ್ಲಿಪ್ ಬಂತು, ಹಣ ಬರಲಿಲ್ಲ. ಆಗಸ್ಟ್ 1ರಂದು ಅವರು ಬರೆದ ಒಂದು ಸಾಲಿನ ಇಮೇಲ್‌ಗೆ ‘ಪ್ರಕ್ರಿಯೆಯಲ್ಲಿದೆ’ ಎಂಬ ಉತ್ತರ ಹೋಯಿತು. ಆಗಸ್ಟ್ 4ರಂದು ಅವರು ಮತ್ತೆ ಬರೆದರು. ಆ ಎರಡನೆಯ ಪತ್ರ ಸುಮಾರು ಹೀಗಿತ್ತು:

> ವಿಷಯ: ಜುಲೈ ತಿಂಗಳ ಸಂಬಳ ಜಮಾ ಆಗಿಲ್ಲ – ಕಾರಣ ಮತ್ತು ದಿನಾಂಕ ತಿಳಿಸಲು ಕೋರಿಕೆ (ಉದ್ಯೋಗಿ ಸಂಖ್ಯೆ …)
>
> ಮಾನ್ಯರೇ,
>
> ನನ್ನ ಜುಲೈ ತಿಂಗಳ ಸಂಬಳ ಇಂದು, ಆಗಸ್ಟ್ 4ರ ಬೆಳಿಗ್ಗೆ 10 ಗಂಟೆಯವರೆಗೆ ಖಾತೆಗೆ ಜಮಾ ಆಗಿಲ್ಲ. ನೇಮಕಾತಿ ಪತ್ರದ ಪ್ರಕಾರ ಸಂಬಳ ತಿಂಗಳ ಕೊನೆಯ ಕೆಲಸದ ದಿನ, ಅಂದರೆ ಜುಲೈ 31ರಂದು ಬರಬೇಕಿತ್ತು. ಜುಲೈ ತಿಂಗಳ ಪೇಸ್ಲಿಪ್ ನನಗೆ ತಲುಪಿದೆ. ನನ್ನ ವಿಭಾಗದ ಇತರರಿಗೆ ಸಂಬಳ ಬಂದಿದೆ ಎಂದು ತಿಳಿದಿದ್ದೇನೆ.
>
> ಜುಲೈ 24ರಂದು ನಾನು ಬ್ಯಾಂಕ್ ಖಾತೆಯನ್ನು ಬದಲಿಸಿದ್ದೆ. ಹೊಸ ಖಾತೆಯ ಕೊನೆಯ ನಾಲ್ಕು ಅಂಕಿಗಳು …. ಹಳೆಯ ಖಾತೆಯ ಕೊನೆಯ ನಾಲ್ಕು ಅಂಕಿಗಳು …. ಆ ಖಾತೆ ಈಗ ಚಾಲ್ತಿಯಲ್ಲಿಲ್ಲ.
>
> ದಯವಿಟ್ಟು ಇಷ್ಟನ್ನು ತಿಳಿಸಿ:
> 1. ಹಣವನ್ನು ಯಾವ ದಿನ, ಯಾವ ಖಾತೆಗೆ ಕಳುಹಿಸಲಾಗಿದೆ? ವಹಿವಾಟಿನ ಸಂಖ್ಯೆ ಏನು?
> 2. ಅದು ಬ್ಯಾಂಕಿನಿಂದ ವಾಪಸಾಗಿದೆಯೇ?
> 3. ಹಣ ನನ್ನ ಖಾತೆಯಲ್ಲಿ ಯಾವ ದಿನಾಂಕಕ್ಕೆ ಇರುತ್ತದೆ?
>
> ಆಗಸ್ಟ್ 6, ಬುಧವಾರ ಸಂಜೆಯೊಳಗೆ ಉತ್ತರಿಸಬೇಕೆಂದು ಕೋರುತ್ತೇನೆ. ಈ ತಿಂಗಳ 10ರಂದು ನನ್ನ ಸಾಲದ ಕಂತು ಕಡಿತವಾಗಲಿದೆ.
>
> ವಂದನೆಗಳೊಂದಿಗೆ,
> (ಹೆಸರು, ಹುದ್ದೆ, ದೂರವಾಣಿ)

ಈ ಪತ್ರ ಕೈಗೆ ಬಂದಾಗ ಏನು ಮಾಡಬೇಕೆಂದು ನಮಗೆ ಯೋಚಿಸಬೇಕಾಗಲೇ ಇಲ್ಲ. ಖಾತೆ ಬದಲಾವಣೆಗೆ ನಮ್ಮಲ್ಲಿ ಕೊನೆಯ ದಿನ ತಿಂಗಳ 20. ಅವರ ಹೊಸ ಸಂಖ್ಯೆ 24ರಂದು ಬಂದದ್ದರಿಂದ ಜುಲೈ ಪಟ್ಟಿಯಲ್ಲಿ ಹಳೆಯ ಸಂಖ್ಯೆಯೇ ಇತ್ತು. ಹಣ ಮುಚ್ಚಿದ ಖಾತೆಗೆ ಹೋಗಿ, ವಾಪಸಾಗಿ, ಸಂಸ್ಥೆಯ ಖಾತೆಯಲ್ಲಿ ಬಿದ್ದಿತ್ತು. ಮರುದಿನವೇ ಅವರಿಗೆ ಸ್ಪಷ್ಟ ಉತ್ತರ ಹೋಯಿತು, 7ನೇ ತಾರೀಖಿಗೆ ಹಣವೂ ಸೇರಿತು. ಹೊಸ ಖಾತೆಗೆ ಮೊದಲ ಸಂಬಳ ಬರುವವರೆಗೆ ಹಳೆಯದನ್ನು ಮುಚ್ಚಬೇಡಿ ಎಂದು ಅಂದಿನಿಂದ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಆ ಪತ್ರದಲ್ಲಿ ಇಲ್ಲದ ವಿಷಯಗಳನ್ನೂ ಗಮನಿಸಿ. ಯಾರ ಮೇಲೂ ಆರೋಪವಿಲ್ಲ, ಮನೆಯ ಕಷ್ಟಗಳ ವಿವರಣೆಯಿಲ್ಲ, ಕೆಲಸ ಬಿಡುವ ಬೆದರಿಕೆಯಿಲ್ಲ. ಸಾಲದ ಕಂತಿನ ಮಾತು ಒಂದೇ ವಾಕ್ಯದಲ್ಲಿ ಮುಗಿದಿದೆ, ಅದರಲ್ಲೂ ದಿನಾಂಕವಿದೆ. ಕ್ಷಮೆ ಕೇಳುವ ‘ತೊಂದರೆ ಕೊಡುತ್ತಿರುವುದಕ್ಕೆ ಮನ್ನಿಸಿ’ ಎಂಬ ಮಾತೂ ಇಲ್ಲ. ದುಡಿದ ಹಣವನ್ನು ಕೇಳಲು ಮನ್ನಿಸಿ ಎನ್ನಬೇಕಾದ ಅಗತ್ಯ ನನಗೆ ಎಂದೂ ಅರ್ಥವಾಗಿಲ್ಲ.

ಪತ್ರವನ್ನು ಸಂಬಳ ವಿಭಾಗಕ್ಕೆ ಕಳುಹಿಸಿ, ಎಚ್‌ಆರ್ ಮತ್ತು ನಿಮ್ಮ ಮೇಲಧಿಕಾರಿಗೆ ಪ್ರತಿ ಕೊಡಿ. ಅಷ್ಟು ಸಾಕು. ಸ್ಟೇಟ್‌ಮೆಂಟ್ ಲಗತ್ತಿಸುವುದಾದರೆ ಸಂಬಳದ ದಿನದಿಂದ ಇಂದಿನವರೆಗಿನ ಭಾಗವನ್ನು ಮಾತ್ರ ಕೊಡಿ, ಉಳಿದ ವಹಿವಾಟುಗಳನ್ನು ಮರೆಮಾಡಿ.

ದಿನಾಂಕ ಕೇಳುವ ಬಗೆ

‘ಯಾವಾಗ ಕಳುಹಿಸುತ್ತೀರಿ’ ಎಂದು ಕೇಳುವುದಕ್ಕೂ ‘ಯಾವ ದಿನ ಖಾತೆಯಲ್ಲಿರುತ್ತದೆ’ ಎಂದು ಕೇಳುವುದಕ್ಕೂ ಬಹಳ ಅಂತರವಿದೆ. ಸಂಸ್ಥೆ ಶುಕ್ರವಾರ ಸಂಜೆ ಕಳುಹಿಸಿ, ನಡುವೆ ಬ್ಯಾಂಕ್ ರಜೆ ಬಂದರೆ ನಿಮಗೆ ತಲುಪುವುದು ಸೋಮವಾರವೋ ಮಂಗಳವಾರವೋ ಆಗಬಹುದು. ‘ಶುಕ್ರವಾರವೇ ಬಿಡುಗಡೆ ಮಾಡಿದ್ದೇವೆ’ ಎಂಬ ಉತ್ತರ ಆಗಲೂ ನಿಜವೇ ಆಗಿರುತ್ತದೆ. ಆದ್ದರಿಂದ ಖಾತೆಯಲ್ಲಿರುವ ದಿನವನ್ನೇ ಕೇಳಿ.

ಉತ್ತರಕ್ಕೂ ಒಂದು ಗಡುವು ಹಾಕಿ. ಸಾಮಾನ್ಯವಾಗಿ ಎರಡು ಕೆಲಸದ ದಿನಗಳು ನ್ಯಾಯವಾದ ಅವಧಿ. ‘ಈ ವಾರ ಆಗಬಹುದು’ ಎಂಬ ಉತ್ತರ ಬಂದರೆ ಅದೇ ಇಮೇಲ್ ಸರಣಿಯಲ್ಲಿ ಹೀಗೆ ಬರೆಯಿರಿ: ‘ಧನ್ಯವಾದ. ಈ ವಾರವೆಂದರೆ ಆಗಸ್ಟ್ 8, ಶುಕ್ರವಾರದೊಳಗೆ ಹಣ ನನ್ನ ಖಾತೆಯಲ್ಲಿರುತ್ತದೆ ಎಂದು ತಿಳಿದುಕೊಂಡಿದ್ದೇನೆ. ಹಾಗಲ್ಲವಾದರೆ ಸರಿಯಾದ ದಿನಾಂಕ ತಿಳಿಸಿ.’ ಅವರು ದಿನಾಂಕ ಕೊಡದಿದ್ದರೆ ನೀವೇ ಅವರ ಮಾತಿಗೆ ಒಂದು ದಿನಾಂಕ ಕೊಟ್ಟಂತಾಗುತ್ತದೆ. ಒಪ್ಪದಿದ್ದರೆ ಅವರು ತಿದ್ದಲೇಬೇಕು. ಫೋನಿನಲ್ಲಿ ಯಾರಾದರೂ ದಿನ ಹೇಳಿದರೂ ಮಾತು ಮುಗಿದ ಕೂಡಲೇ ಅದನ್ನು ಎರಡು ಸಾಲಿನಲ್ಲಿ ಬರೆದು ಅವರಿಗೇ ಕಳುಹಿಸಿ.

ಯಾರಿಗೂ ಬಂದಿಲ್ಲವಾದರೆ

ಆಗ ಖಾತೆ ಸಂಖ್ಯೆ, ವಹಿವಾಟಿನ ಸಂಖ್ಯೆಯ ಪ್ರಶ್ನೆಗಳಿಗೆ ಅರ್ಥವಿಲ್ಲ. ಬ್ಯಾಂಕಿನ ಪಟ್ಟಿಯಲ್ಲಿ ತಾಂತ್ರಿಕ ದೋಷವಾಗಿದ್ದರೆ ಒಂದೆರಡು ದಿನಗಳಲ್ಲಿ ಸರಿಹೋಗಬೇಕು. ಅದಕ್ಕಿಂತ ಮುಂದಕ್ಕೆ ಹೋದರೆ, ಕಾರಣ ಹೇಳಲು ಎಲ್ಲರೂ ಹಿಂಜರಿದರೆ, ಸಂಸ್ಥೆಯ ಬಳಿ ಹಣವಿಲ್ಲ ಎಂಬ ಸಾಧ್ಯತೆಯನ್ನು ಎದುರಿಸಬೇಕು. ಆಗ ಕೇಳಬೇಕಾದದ್ದು: ಪೂರ್ತಿ ಸಂಬಳ ಯಾವ ದಿನ? ಅಲ್ಲಿಯವರೆಗೆ ಒಂದು ಭಾಗವನ್ನಾದರೂ ಕೊಡುವುದಾದರೆ ಎಷ್ಟು, ಯಾವಾಗ? ಮುಂದಿನ ತಿಂಗಳ ಸಂಬಳ ಸರಿಯಾದ ದಿನಕ್ಕೆ ಬರುತ್ತದೆಯೇ? ಹಲವರು ಸೇರಿ ಒಂದೇ ಪತ್ರ ಬರೆದರೆ ಯಾರೊಬ್ಬರೂ ಒಂಟಿಯಾಗಿ ಎದ್ದು ಕಾಣುವುದಿಲ್ಲ. ಜೊತೆಗೆ, ಸಂಬಳ ತಡವಾಗಿದೆ ಎಂದು ಸಂಸ್ಥೆಯ ಪತ್ರವೊಂದನ್ನು ಕೇಳಿ ಪಡೆಯಿರಿ. ಕಂತು ಮುಂದೂಡುವಂತೆ ಬ್ಯಾಂಕನ್ನು ಕೇಳುವಾಗ ಅದು ಕೈಯಲ್ಲಿರಬೇಕು.

ಇಂಥ ಸಮಯದಲ್ಲಿ ಹಣ ಪಡೆಯದೆ ‘ಸಂಬಳ ಸ್ವೀಕರಿಸಿದ್ದೇನೆ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಕೇವಲ ಔಪಚಾರಿಕತೆ ಎಂದು ಯಾರು ಹೇಳಿದರೂ ಹಾಕಬೇಡಿ.

ಹೇಳಿದ ದಿನವೂ ಕಳೆದಾಗ

ಹೊಸ ಇಮೇಲ್ ಶುರು ಮಾಡದೆ ಹಳೆಯದಕ್ಕೇ ಉತ್ತರವಾಗಿ ಬರೆಯಿರಿ. ನೀವು ಕೇಳಿದ ದಿನ, ಅವರು ಹೇಳಿದ ದಿನ, ಅದು ಕಳೆದದ್ದು, ಮೂರೂ ಒಂದೇ ಸರಣಿಯಲ್ಲಿ ಕಾಣಬೇಕು. ಈ ಬಾರಿ ಪ್ರತಿಯನ್ನು ಒಂದು ಮೆಟ್ಟಿಲು ಮೇಲಿನವರಿಗೆ ಕೊಡಿ. ಉತ್ತರಗಳ ಪ್ರತಿ ಕಚೇರಿಯ ಇಮೇಲ್‌ನಲ್ಲಿ ಮಾತ್ರ ಇರುವುದು ಅಪಾಯ, ಏಕೆಂದರೆ ಕೆಲಸ ಬಿಟ್ಟ ದಿನವೇ ಆ ಖಾತೆ ಮುಚ್ಚಬಹುದು. ನಿಮ್ಮ ಸಂಬಳಕ್ಕೆ ಸಂಬಂಧಿಸಿದ ಪತ್ರಗಳನ್ನಷ್ಟೇ ಮುದ್ರಿಸಿ ಇಟ್ಟುಕೊಳ್ಳಿ. ಕಚೇರಿಯ ಬೇರೆ ಕಾಗದಗಳನ್ನು ಮುಟ್ಟಬೇಡಿ.

ಖಾಲಿ ಖಾತೆಯ ಸಂಸ್ಥೆಯಿಂದ ಇಮೇಲ್ ಹಣ ಹೊರಡಿಸಲಾರದು. ಆದರೆ ಮುಂದೆ ಕಾರ್ಮಿಕ ಇಲಾಖೆಗೋ ವಕೀಲರಿಗೋ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವ ದಾಖಲೆಗಳಲ್ಲಿ ಈ ಸರಣಿಯೂ ಇರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1949ರ 95ನೇ ಒಪ್ಪಂದದ 12ನೇ ವಿಧಿಯು ವೇತನವನ್ನು ನಿಯಮಿತವಾಗಿ ಕೊಡಬೇಕು ಎನ್ನುತ್ತದೆ. ಎಷ್ಟು ದಿನ ತಡವಾದರೆ ದೂರು ಕೊಡಬಹುದು, ಯಾರಿಗೆ ಕೊಡಬೇಕು ಎಂಬುದು ಆಯಾ ದೇಶದ ಕಾನೂನಿನಂತೆ ಬದಲಾಗುತ್ತದೆ. ದೂರು ಕೊಡಲು ಕೆಲವೆಡೆ ಕಾಲಮಿತಿ ಇರುವುದರಿಂದ ಭರವಸೆಗಳನ್ನು ನಂಬಿ ತಿಂಗಳುಗಟ್ಟಲೆ ಕಾಯಬೇಡಿ.

ಹಣ ಬಂದ ದಿನ ಇನ್ನೊಂದು ಸಣ್ಣ ಕೆಲಸವಿದೆ. ಜಮಾ ಆದ ಮೊತ್ತವನ್ನು ಪೇಸ್ಲಿಪ್‌ನ ನಿವ್ವಳ ಮೊತ್ತದೊಂದಿಗೆ ಹೋಲಿಸಿ. ಅವಸರದಲ್ಲಿ ಕಳುಹಿಸಿದ ಹಣದಲ್ಲಿ ಭತ್ಯೆಯೊಂದು ಬಿಟ್ಟುಹೋಗುವುದನ್ನು ನಾನು ನೋಡಿದ್ದೇನೆ. ಸರಿಯಿದ್ದರೆ ‘ಜುಲೈ ತಿಂಗಳ ಸಂಬಳ ಪೂರ್ತಿಯಾಗಿ ಆಗಸ್ಟ್ 7ರಂದು ಜಮಾ ಆಗಿದೆ, ಧನ್ಯವಾದ’ ಎಂದು ಅದೇ ಸರಣಿಯಲ್ಲಿ ಬರೆಯಿರಿ. ಕಡಿಮೆಯಿದ್ದರೆ ಬಂದದ್ದೆಷ್ಟು, ಬಾಕಿ ಎಷ್ಟು ಎಂದು ಬರೆದು, ಬಾಕಿಯ ದಿನಾಂಕವನ್ನೂ ಕೇಳಿ.