'ಕೊನೆಯ ಅವಕಾಶ' ಅಂತ ಬರೆಯೋದು ಬಿಟ್ಟ ಮೇಲೆ

ಮನೆಯಲ್ಲೇ ಸೋಪು ಮಾಡಿ ಮಾರುತ್ತೇನೆ. ಒಂದು ಸಲಕ್ಕೆ 40 ಸೋಪು. ಖಾಲಿಯಾದಾಗೆಲ್ಲ ವಾಟ್ಸಾಪಿನಲ್ಲಿ ಹೀಗೆ ಹಾಕುತ್ತಿದ್ದೆ: "ಎರಡೇ ದಿನದಲ್ಲಿ ಸೋಲ್ಡ್ ಔಟ್!! ಮುಂದಿನ ಸಲ ತಡ ಮಾಡಬೇಡಿ!" ಹೊಸ ಸ್ಟಾಕ್ ಬಂದಾಗ "ಕೊನೆಯ ಅವಕಾಶ, ಈಗಲೇ ಬುಕ್ ಮಾಡಿ."

ಬುಕಿಂಗ್ ಏನೋ ಬರುತ್ತಿತ್ತು. ಆದರೆ ಸಿಗದೇ ಹೋದೀತು ಅಂತ ಒಂದರ ಬದಲು ನಾಲ್ಕು ಹೇಳಿ, ಆಮೇಲೆ ಬೇಡ ಅನ್ನುವವರೇ ಜಾಸ್ತಿ. ಒಬ್ಬ ಹಳೇ ಗಿರಾಕಿಯಂತೂ ನೇರವಾಗಿ ಕೇಳಿದರು: "ಹೋದ ತಿಂಗಳೂ ಕೊನೆಯದು ಅಂದಿದ್ರಿ, ಅಲ್ವಾ?" ನನ್ನ ಹತ್ತಿರ ಉತ್ತರವಿರಲಿಲ್ಲ.

ಆಗ ಕೂತು ಸಂದೇಶವನ್ನು ತಿದ್ದಿದೆ. ಸೋಪು ತಡವಾಗುವುದಕ್ಕೆ ನಿಜವಾದ ಕಾರಣವೇ ಇರುವಾಗ ಸುಮ್ನೆ ಗಾಬರಿ ಯಾಕೆ ಹುಟ್ಟಿಸಬೇಕು? ಈಗ ಹೀಗೆ ಬರೆಯುತ್ತೇನೆ:

"ಈ ಸಲದ 40 ಸೋಪೂ ಮುಗಿದವು. ಹೊಸದನ್ನು ನಿನ್ನೆ ಅಚ್ಚಿಗೆ ಹಾಕಿದ್ದೇನೆ. ಒಣಗಿ ಗಟ್ಟಿಯಾಗಲು ಆರು ವಾರ ಬೇಕು. ಏಳನೇ ವಾರ ಸಿಗುತ್ತದೆ. ಬೇಕಿದ್ದರೆ ಹೆಸರು, ಎಷ್ಟು ಅಂತ ಕಳಿಸಿ. ಈಗ ದುಡ್ಡು ಬೇಡ. ಬಂದಾಗ ಮೊದಲು ನಿಮಗೆ ತಿಳಿಸುತ್ತೇನೆ, ಆಗ ಬೇಡ ಅನಿಸಿದರೂ ಪರವಾಗಿಲ್ಲ."

ಆರು ವಾರ ಅಂದು ಏಳನೇ ವಾರದ ಮಾತು ಹೇಳುವುದು ಪೆಟ್ಟು ತಿಂದು ಕಲಿತದ್ದು. ಮೊದಲ ಸಲ ನಾಲ್ಕೇ ವಾರ ಅಂದುಬಿಟ್ಟೆ. ಆ ಸಲ ಆಲಿವ್ ಎಣ್ಣೆ ಜಾಸ್ತಿ ಹಾಕಿದ್ದೆ, ಅಂಥ ಸೋಪು ಗಟ್ಟಿಯಾಗಲು ತಡ. ನಾಲ್ಕನೇ ವಾರದಲ್ಲೂ ಮೆತ್ತಗಿತ್ತು. ದಿನ ಮುಂದೂಡಿ ಮತ್ತೊಂದು ಸಂದೇಶ ಕಳಿಸಬೇಕಾಯಿತು. ಈಗ ಒಂದು ಸೋಪನ್ನು ವಾರಕ್ಕೊಮ್ಮೆ ತೂಗುತ್ತೇನೆ. ನೀರು ಆರುತ್ತಿರುವಷ್ಟು ದಿನ ತೂಕ ಇಳಿಯುತ್ತಲೇ ಇರುತ್ತದೆ. ಇಳಿಯುವುದು ಹೆಚ್ಚುಕಮ್ಮಿ ನಿಂತ ಮೇಲೇ "ಬಂದಿದೆ" ಅನ್ನುವ ಸಂದೇಶ.

ಆ ಸಂದೇಶ ಮೊದಲು ಹೆಸರು ಕೊಟ್ಟವರಿಗೆ ಹೋಗುತ್ತದೆ. ಎರಡು ದಿನ ಅವರದ್ದು ತೆಗೆದಿಟ್ಟಿರುತ್ತೇನೆ. ಉಳಿದದ್ದನ್ನು ಎಲ್ಲರಿಗೂ ಹೇಳುತ್ತೇನೆ: "14 ಉಳಿದಿವೆ. ಸಿಗದಿದ್ದರೆ ಮುಂದಿನದು ಏಳು ವಾರಕ್ಕೆ." ಕೊನೆಯ ಆ ಸಾಲು ಬರೆಯುವಾಗ ಕೈ ಹಿಂಜರಿಯಿತು. ಮುಂದಿನದು ಬರುತ್ತದೆ ಅಂದರೆ ಈಗ ಯಾರು ಕೊಳ್ಳುತ್ತಾರೆ? ಕೊಂಡರು. ಎಷ್ಟು ಬೇಕೋ ಅಷ್ಟೇ ಕೊಂಡರು, ಉಳಿದವರು ಮುಂದಿನ ಪಟ್ಟಿಗೆ ಹೆಸರು ಬರೆಸಿದರು.

ಇನ್ನೊಂದು ಎಡವಟ್ಟು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಸಂದೇಶ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಪಟ್ಟಿಯಲ್ಲಿದ್ದ ಆರು ಜನರಿಗೆ ಹೋಗಿಯೇ ಇರಲಿಲ್ಲ. ಈಗ ಹೆಸರು ಕೊಟ್ಟವರಿಗೆ ಒಬ್ಬೊಬ್ಬರಿಗೇ ಬರೆಯುತ್ತೇನೆ.

ಮೊದಲ ಪಟ್ಟಿಯಲ್ಲಿ 17 ಹೆಸರಿತ್ತು, ಮೂರನೆಯದರಲ್ಲಿ 31. ಆ 31ರಲ್ಲಿ ಕೊಂಡವರು 24 ಜನ. ಬಾಕಿ ಏಳು ಜನರನ್ನು ಯಾಕೆ ಅಂತ ಕೇಳಲಿಲ್ಲ. ಎಷ್ಟು ಸೋಪು ಮಾಡಬೇಕು ಅಂತ ಲೆಕ್ಕ ಹಾಕುವಾಗ ಮಾತ್ರ ಅಷ್ಟನ್ನು ಕಳೆಯುತ್ತೇನೆ.