ಕ್ಯಾರೊಸೆಲ್ ಡ್ರಾಫ್ಟಿಗೆ ಅಂಕ ಕೊಡಿ, ಆದರೆ ಕೂಡಬೇಡಿ

ಇನ್‌ಸ್ಟಾಗ್ರಾಂಗೆ ಕ್ಯಾರೊಸೆಲ್, ಅಂದರೆ ಸರಿಸಿ ನೋಡುವ ಹಲವು ಸ್ಲೈಡಿನ ಪೋಸ್ಟ್, ಹಾಕುವ ಮುಂಚೆ ಮೊದಲ ಸ್ಲೈಡಲ್ಲೇ ಓದುಗರನ್ನು ಹಿಡಿಯುವ ಹುಕ್, ಸ್ಲೈಡಿಂದ ಸ್ಲೈಡಿಗೆ ಓಟ, ಸ್ಪಷ್ಟತೆ, ಕೊನೆ ಈ ನಾಲ್ಕಕ್ಕೂ 0ರಿಂದ 2ರವರೆಗೆ ಅಂಕ ಕೊಡಿ. ಒಂದರಲ್ಲಿ 0 ಬಂದರೂ ಪೋಸ್ಟ್ ಮಾಡಬೇಡಿ, ಉಳಿದವು ಎಷ್ಟೇ ಚೆನ್ನಾಗಿರಲಿ. ಅಂಕಗಳನ್ನು ಕೂಡಿದರೆ ಒಳ್ಳೆಯ ಕೊನೆ ಸಪ್ಪೆ ಹುಕ್ಕನ್ನು ಮುಚ್ಚಿಹಾಕುತ್ತದೆ. ಮೊದಲ ಸ್ಲೈಡಲ್ಲೇ ಬಿಟ್ಟುಹೋದವರು ಕೊನೆಯನ್ನು ನೋಡುವುದೇ ಇಲ್ಲ, ಅಲ್ವಾ? ಹುಕ್ಕಿಗೆ ಅಂಕ ಕೊಡಲು ಮೊದಲ ಸ್ಲೈಡನ್ನಷ್ಟೇ ಮನೆಯವರಿಗೆ ತೋರಿಸಿ. ಇದು ಯಾರಿಗೆ, ಏನು ಸಿಗುತ್ತದೆ ಎಂದು ಅವರು ಎರಡನ್ನೂ ಹೇಳಿದರೆ 2, ಒಂದನ್ನೇ ಹೇಳಿದರೆ 1. ಸ್ಲೈಡಲ್ಲಿ ‘ಚಳಿಗಾಲದ ದೋಸೆ ಹಿಟ್ಟು’ ಎಂದಷ್ಟೇ ಇದ್ದರೆ 0, ಅದು ಬರೀ ವಿಷಯದ ಹೆಸರು. ‘ಚಳಿಗೆ ಹಿಟ್ಟು ಉಬ್ಬಿಲ್ವಾ? ರುಬ್ಬುವಾಗಲೇ ಹೀಗೆ ಮಾಡಿ’ ಎಂದಿದ್ದರೆ 2. ಓಟಕ್ಕೆ, ನಡುವಿನ ಎರಡು ಸ್ಲೈಡ್ ಅದಲುಬದಲು ಮಾಡಿ ಓದಿ. ಏನೂ ಕೆಡದಿದ್ದರೆ 0, ಅವು ಒಂದಕ್ಕೊಂದು ಅಂಟಿಕೊಂಡೇ ಇಲ್ಲ. ಸ್ಪಷ್ಟತೆಗೆ ಫೋನನ್ನು ಕೈ ಚಾಚಿ ಹಿಡಿದು ಒಮ್ಮೆ ಓದಿ. ಎರಡನೇ ಸಲ ಓದಬೇಕಾದ ಸ್ಲೈಡ್ ಒಂದಿದ್ದರೆ 1, ಜಾಸ್ತಿ ಇದ್ದರೆ 0. ಕೊನೆಯಲ್ಲಿ ಒಂದೇ ಕೆಲಸ ಹೇಳಿದ್ದರೆ 2. ಲೈಕ್, ಶೇರ್, ಸೇವ್, ಫಾಲೋ ಎಲ್ಲ ಒಟ್ಟಿಗೆ ಕೇಳಿದ್ದರೆ ನಾನಂತೂ 0 ಕೊಡುತ್ತೇನೆ. ಫೋಟೋ ಆಲ್ಬಮ್ಮಿಗೆ, ‘ನೋಡಬೇಕಾದ 5 ಜಲಪಾತ’ದಂಥ ಪಟ್ಟಿಗೆ ಓಟದ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ಅದನ್ನು ಬಿಟ್ಟುಬಿಡಿ. ಇನ್ನು, ಮಾಡಿ ಮುಗಿಸಿದ ಕೂಡಲೇ ಅಂಕ ಕೊಟ್ಟರೆ ಸುಮ್ನೆ ಎಲ್ಲದಕ್ಕೂ 2 ಬೀಳುತ್ತದೆ. ಒಂದು ರಾತ್ರಿ ಬಿಟ್ಟು ನೋಡಿ.